ಟೆಂಡರ್ ಗೆದ್ದ ಮೇಲೆ ಬರುವ ಆ ಒಂದು ಪತ್ರ

ಪಟ್ಟಣದ ಒಂದು ವಾರ್ಡಿನ ಚರಂಡಿ ಕಾಮಗಾರಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಎಲ್ಲರಿಗಿಂತ ಕಡಿಮೆ, ಅಂದರೆ 48,60,000 ರೂಪಾಯಿ ನಮೂದಿಸಿದ ಗುತ್ತಿಗೆದಾರರಿಗೆ ‘ನೀವೇ ಎಲ್-1’ ಎಂಬ ಸುದ್ದಿ ಮುಟ್ಟುತ್ತದೆ. ಅಷ್ಟಕ್ಕೇ ಜೆಸಿಬಿ ಗೊತ್ತು ಮಾಡಿ, ಜಲ್ಲಿಗೆ ಮುಂಗಡ ಕೊಟ್ಟರೆ ಅವಸರವಾದೀತು. ಕೆಲಸ ಅವರದೆಂದು ಹೇಳುವುದು ಅಂಗೀಕಾರ ಪತ್ರ, ಅಂದರೆ ಎಲ್‌ಒಎ.

ಗುತ್ತಿಗೆದಾರರು ಹಾಕಿದ ಟೆಂಡರ್ ಬರೀ ಪ್ರಸ್ತಾವ. ಅದನ್ನು ಒಪ್ಪಿದಾಗ ಒಪ್ಪಂದ ಹುಟ್ಟುತ್ತದೆ. ಆ ಒಪ್ಪಿಗೆ ಷರತ್ತಿಲ್ಲದ್ದಾಗಿರಬೇಕು ಎನ್ನುತ್ತದೆ 1872ರ ಭಾರತೀಯ ಕರಾರು ಕಾಯಿದೆಯ 7ನೇ ಕಲಂ. ‘ಶೇ. 2ರಷ್ಟು ಇಳಿಸಿದರೆ ಒಪ್ಪುತ್ತೇವೆ’ ಎಂದು ಬರೆದರೆ ಅದು ಒಪ್ಪಿಗೆಯಲ್ಲ, ಹೊಸ ಪ್ರಸ್ತಾವ. ಅದಕ್ಕೆ ಗುತ್ತಿಗೆದಾರರು ಇಲ್ಲ ಎನ್ನಬಹುದು. ‘ಕೆಲಸ ನಿಮಗೆ ಕೊಡುವ ಉದ್ದೇಶವಿದೆ’ ಎಂಬ ಪತ್ರ ಇನ್ನೂ ಬೇರೆ. ಅಂಥ ಉದ್ದೇಶ ಪತ್ರ ಸಾಮಾನ್ಯವಾಗಿ ಯಾರನ್ನೂ ಕಟ್ಟಿಹಾಕುವುದಿಲ್ಲ ಎಂದು 2006ರ ಡ್ರೆಸರ್ ರ‍್ಯಾಂಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಹಾಗಾಗಿ ಪತ್ರದಲ್ಲಿ ಮೊದಲು ನೋಡಬೇಕಾದ್ದು ಮೊತ್ತ. ಅದು ಅಂಕಿಯಲ್ಲೂ ಅಕ್ಷರದಲ್ಲೂ ಒಂದೇ ಇರಬೇಕು. ಜಿಎಸ್‌ಟಿ ಸೇರಿದೆಯೋ ಇಲ್ಲವೋ ಸ್ಪಷ್ಟವಾಗಿರಬೇಕು. ಈ ಸಾಲು ಮಸುಕಾಗಿದ್ದರೆ ಜಗಳ ಶುರುವಾಗುವುದು ಮೊದಲ ಬಿಲ್ಲಿನ ಹೊತ್ತಿಗೆ.

ಎರಡನೆಯದು ಅವಧಿ. ‘ಆರು ತಿಂಗಳು’ ಎಂದಷ್ಟೇ ಬರೆದರೆ ಸಾಲದು, ಯಾವತ್ತಿನಿಂದ ಎನ್ನುವುದೂ ಬೇಕು. ಪತ್ರದ ದಿನಾಂಕದಿಂದಲೋ, ಕಾರ್ಯಾದೇಶದಿಂದಲೋ, ಜಾಗ ಒಪ್ಪಿಸಿದ ದಿನದಿಂದಲೋ? ಚರಂಡಿಯ ದಾರಿಯಲ್ಲೇ ವಿದ್ಯುತ್ ಕಂಬವಿದ್ದು, ಅದನ್ನು ಸರಿಸಲು ಎರಡು ತಿಂಗಳು ಹಿಡಿದರೆ, ವಿಳಂಬದ ದಂಡ ಯಾರ ತಲೆಗೆ ಎನ್ನುವುದು ಈ ಒಂದು ಮಾತಿನ ಮೇಲೆ ನಿಲ್ಲಬಹುದು.

ಪತ್ರ ಕೈಸೇರಿದ ಮೇಲೆ ಗುತ್ತಿಗೆದಾರರ ಮೊದಲ ಕೆಲಸ ಭದ್ರತಾ ಠೇವಣಿ. ಟೆಂಡರ್ ದಾಖಲೆಯಲ್ಲಿ ಶೇ. 5 ಎಂದಿದ್ದರೆ ಈ ಕಾಮಗಾರಿಗೆ 2,43,000 ರೂಪಾಯಿ. ಬ್ಯಾಂಕ್ ಗ್ಯಾರಂಟಿ ಕೊಡುವುದಾದರೆ ಮಾರ್ಜಿನ್ ಹಣ, ಬ್ಯಾಂಕಿನ ಕಾಗದಪತ್ರ ಎಂದು ದಿನ ಸರಿಯುತ್ತದೆ; ಪತ್ರ ಬಂದ ದಿನವೇ ಬ್ಯಾಂಕಿಗೆ ಹೋಗುವುದು ಲೇಸು. ಗಡುವಿನೊಳಗೆ ಠೇವಣಿ ಕೊಟ್ಟು ಕರಾರಿಗೆ ಸಹಿ ಹಾಕದಿದ್ದರೆ ಟೆಂಡರ್ ಜೊತೆ ಕಟ್ಟಿದ ಇಎಂಡಿ ಮುಟ್ಟುಗೋಲಾಗಬಹುದು.

ಕಚೇರಿಗೂ ಗಡುವಿದೆ. ಟೆಂಡರಿನ ಸಿಂಧುತ್ವದ ಅವಧಿ ಮುಗಿಯುವುದರೊಳಗೆ ಪತ್ರ ಹೊರಡಬೇಕು; ಆಮೇಲೆ ಕಳಿಸಿದರೆ ಹಳೇ ದರಕ್ಕೆ ಕೆಲಸ ಮಾಡೆಂದು ಒತ್ತಾಯಿಸಲಾಗದು. ಕರಾರಿನ ಪ್ರತಿ ಸಿದ್ಧಪಡಿಸುವುದು, ನಕ್ಷೆ ಕೊಡುವುದು, ಜಾಗ ಗುರುತಿಸಿ ಒಪ್ಪಿಸುವುದು ಅದರ ಹೊಣೆ. ಜಾಗ ಒಪ್ಪಿಸಿದ ದಿನ ಎಂಜಿನಿಯರ್ ಮತ್ತು ಗುತ್ತಿಗೆದಾರರು ಇಬ್ಬರೂ ಸಹಿ ಮಾಡಿದ ಒಂದು ಹಾಳೆ ಕಡತದಲ್ಲಿದ್ದರೆ, ಮುಂದೆ ಅವಧಿ ವಿಸ್ತರಣೆ ಕೇಳುವಾಗ ಅದೇ ಆಧಾರ.