ರೀಲ್ಸ್‌ಗೆ ವಾರಕ್ಕೆ ಮೂರು ದಿನ ಬೇಕೆ?

ಬೆಂಗಳೂರಿನ ಒಂದು ಸಣ್ಣ ಕನ್ನಡ ಪ್ರಕಾಶನ ಸಂಸ್ಥೆ ಎಂದು ಇಟ್ಟುಕೊಳ್ಳಿ. ಸೋಷಿಯಲ್ ಮೀಡಿಯಾ ನೋಡಿಕೊಳ್ಳಲು ಇರುವುದು ಒಬ್ಬರೇ, ಅವರ ಕೈಲಿರುವುದು ವಾರಕ್ಕೆ 22 ಗಂಟೆ. ಇನ್‌ಸ್ಟಾಗ್ರಾಂಗೆ ಮೂರು ರೀಲ್ಸ್ ಮತ್ತು ಎರಡು ಕ್ಯಾರೊಸೆಲ್, ಅಂದರೆ ಬೆರಳಲ್ಲಿ ಸರಿಸುತ್ತ ನೋಡುವ ಚಿತ್ರಗಳ ಸರಣಿ. ಫೇಸ್‌ಬುಕ್‌ಗೆ ಒಂದು ಬರಹ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ 13 ವಾರಗಳಲ್ಲಿ 39 ರೀಲ್ಸ್, 26 ಕ್ಯಾರೊಸೆಲ್, 13 ಬರಹ ಹೊರಬಿದ್ದವು. ಜನವರಿಯಿಂದ ಯಾವುದಕ್ಕೆ ಎಷ್ಟು ದಿನ ಕೊಡಬೇಕು ಎಂಬುದು ಪ್ರಶ್ನೆ.

ಮೊದಲು ಕಣ್ಣಿಗೆ ಬೀಳುವುದು ರೀಲ್ಸ್. ಲೇಖಕರೊಬ್ಬರು ಮಾತಾಡಿದ ಒಂದು ತುಣುಕು 2,60,000 ಜನರಿಗೆ ತಲುಪಿತ್ತು. ಅದನ್ನೂ ಸೇರಿಸಿ ಸರಾಸರಿ ತೆಗೆದರೆ ಪ್ರತಿ ರೀಲ್‌ಗೆ ಎಂಟೂವರೆ ಸಾವಿರ ಜನ ಬರುತ್ತಾರೆ. ಆದರೆ 39 ರೀಲ್ಸ್‌ಗಳನ್ನೂ ರೀಚ್‌ನ ಪ್ರಕಾರ ಸಾಲಾಗಿ ಜೋಡಿಸಿ, ನಟ್ಟನಡುವಿನ 20ನೆಯದನ್ನು ನೋಡಿದರೆ ಅಲ್ಲಿರುವುದು 1,900. ಕ್ಯಾರೊಸೆಲ್‌ಗಳ ನಡುವಿನ ಲೆಕ್ಕ 1,400. ಅಂತರ ಅಷ್ಟೇ! ಒಂದು ವೈರಲ್ ವಿಡಿಯೊ ಉಳಿದ 38 ಸಾಧಾರಣ ವಿಡಿಯೊಗಳನ್ನು ಮುಚ್ಚಿಬಿಟ್ಟಿತ್ತು. ಸರಾಸರಿಯನ್ನು ನಂಬಿ ವೇಳಾಪಟ್ಟಿ ಮಾಡಿದವರು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ.

ವ್ಯೂಸ್‌ಗಿಂತ ರೀಚ್ ಹಿಡಿಯುವುದಕ್ಕೂ ಕಾರಣವಿದೆ. ಒಬ್ಬರೇ ಮೂರು ಸಲ ನೋಡಿದರೆ ವ್ಯೂಸ್ ಮೂರಾಗುತ್ತದೆ, ರೀಚ್ ಒಂದೇ ಇರುತ್ತದೆ. ಮೇಲಾಗಿ ವ್ಯೂ ಎಣಿಸುವ ರೀತಿಯನ್ನು ಕಂಪನಿಗಳು ನಡುವೆಯೇ ಬದಲಿಸುತ್ತವೆ. ಯೂಟ್ಯೂಬ್ 2025ರ ಮಾರ್ಚ್ 31ರಿಂದ ಶಾರ್ಟ್ಸ್ ಶುರುವಾದರೆ ಸಾಕು, ಮರುಕಳಿಸಿದರೂ ಸರಿ, ಅದನ್ನು ಒಂದು ವ್ಯೂ ಎಂದು ಎಣಿಸತೊಡಗಿತು. ಆ ದಿನಾಂಕದ ಹಿಂದುಮುಂದಿನ ಎರಡು ತ್ರೈಮಾಸಿಕಗಳನ್ನು ವ್ಯೂಸ್ ಇಟ್ಟುಕೊಂಡು ಹೋಲಿಸಿದವರಿಗೆ, ವಿಡಿಯೊಗಳು ಏನೂ ಬದಲಾಗದೆಯೇ ಏರಿಕೆ ಕಾಣಬಹುದು.

ಪ್ರಕಾಶಕರಿಗೆ ಬೇಕಾದದ್ದು ಪುಸ್ತಕದ ವಿಚಾರಣೆ. ಅದು ಯಾವ ಪೋಸ್ಟ್‌ನಿಂದ ಬಂತು ಎಂದು ತಿಳಿಯಲು ಒಂದು ಸರಳ ದಾರಿ: ಪ್ರತಿ ಬಗೆಗೂ ಬೇರೆ ಗುರುತಿನ ಪದ. ರೀಲ್‌ನ ಕೊನೆಯಲ್ಲಿ ‘ಮಳೆ ಎಂದು ವಾಟ್ಸಾಪ್ ಮಾಡಿ’, ಕ್ಯಾರೊಸೆಲ್‌ನ ಕಡೆಯ ಚಿತ್ರದಲ್ಲಿ ‘ಹೊಳೆ’, ಬರಹದಡಿ ‘ಕಡಲು’. ತಿಂಗಳ ಕೊನೆಗೆ ವಾಟ್ಸಾಪ್‌ನಲ್ಲಿ ಆ ಪದ ಹುಡುಕಿ ಎಣಿಸಿದರಾಯಿತು. ಪದ ಬರೆಯದೆ ನೇರವಾಗಿ ಬೆಲೆ ಕೇಳುವವರು ಲೆಕ್ಕಕ್ಕೆ ಸಿಗುವುದಿಲ್ಲ, ಅದು ಈ ದಾರಿಯ ಮಿತಿ.

ನಮ್ಮ ಉದಾಹರಣೆಯಲ್ಲಿ ರೀಲ್ಸ್‌ನಿಂದ 26, ಕ್ಯಾರೊಸೆಲ್‌ನಿಂದ 52, ಬರಹದಿಂದ 13 ವಿಚಾರಣೆ ಬಂದಿವೆ ಎನ್ನಿ. ಈಗ ದುಡಿಮೆಯನ್ನು ಪಕ್ಕದಲ್ಲಿಡಬೇಕು. ಶೂಟಿಂಗ್, ಎಡಿಟಿಂಗ್, ಸಬ್‌ಟೈಟಲ್ ಸೇರಿ ಒಂದು ರೀಲ್‌ಗೆ ಐದು ಗಂಟೆ, ಕ್ಯಾರೊಸೆಲ್‌ಗೆ ಮೂರು, ಬರಹಕ್ಕೆ ಒಂದು. ಹಾಗೆ ನೋಡಿದರೆ ಒಂದು ವಿಚಾರಣೆಗೆ ರೀಲ್ಸ್‌ನಲ್ಲಿ ಏಳೂವರೆ ಗಂಟೆ ಹೋಗುತ್ತಿದೆ, ಕ್ಯಾರೊಸೆಲ್‌ನಲ್ಲಿ ಒಂದೂವರೆ, ಬರಹದಲ್ಲಿ ಒಂದೇ ಗಂಟೆ. ಯಾರೂ ಗಮನಿಸದ ಬರಹವೇ ಅಗ್ಗದ್ದು!

ಹಾಗಂತ ರೀಲ್ಸ್ ನಿಲ್ಲಿಸಿದರೆ ತಪ್ಪಾಗುತ್ತದೆ. ಹೊಸ ಫಾಲೋವರ್ಸ್ ಬಂದ ಲೆಕ್ಕ ತೆಗೆದರೆ ಬಹುಪಾಲು ರೀಲ್ಸ್‌ನದ್ದೇ ಇರುತ್ತದೆ, ಏಕೆಂದರೆ ಇನ್‌ಸ್ಟಾಗ್ರಾಂ ಅದನ್ನು ಪೇಜ್ ಗೊತ್ತಿಲ್ಲದವರ ಮುಂದೂ ಧಾರಾಳವಾಗಿ ಹರಡುತ್ತದೆ. ಕ್ಯಾರೊಸೆಲ್ ಹೆಚ್ಚಾಗಿ ಈಗಾಗಲೇ ಇರುವವರಿಗೆ ತಲುಪುತ್ತದೆ. ರೀಲ್ಸ್ ಕರೆತಂದವರೇ ಎರಡು ವಾರ ಬಿಟ್ಟು ‘ಹೊಳೆ’ ಎಂದು ಬರೆದಿರಬಹುದು.

ಇನ್ನೂ ಎರಡು ಕಡೆ ಎಚ್ಚರ ಬೇಕು. ಕ್ಯಾರೊಸೆಲ್‌ಗಳಲ್ಲಿ ಪುಸ್ತಕದ ಪುಟಗಳೂ ಬೆಲೆಯೂ ಇದ್ದು, ರೀಲ್ಸ್‌ನಲ್ಲಿ ಬರೀ ಬಿಡುಗಡೆ ಸಮಾರಂಭದ ತುಣುಕುಗಳಿದ್ದರೆ, ಗೆದ್ದದ್ದು ರೂಪವೋ ವಿಷಯವೋ ಹೇಳಲಾಗದು. ಒಂದೇ ಪುಸ್ತಕವನ್ನು ಮೂರೂ ಬಗೆಯಲ್ಲಿ, ವಾರದ ದಿನ ಅದಲುಬದಲು ಮಾಡಿ ಹಾಕಿದ ನಾಲ್ಕಾರು ಉದಾಹರಣೆಗಳಾದರೂ ಇರಬೇಕು. ಎರಡನೆಯದು ನವೆಂಬರ್. ರಾಜ್ಯೋತ್ಸವದ ರಿಯಾಯಿತಿಯ ದಿನಗಳಲ್ಲಿ ಏನು ಹಾಕಿದರೂ ವಿಚಾರಣೆ ಬರುತ್ತದೆ. ಆ ವಾರಗಳಲ್ಲಿ ಕ್ಯಾರೊಸೆಲ್‌ಗಳೇ ಹೆಚ್ಚಿದ್ದರೆ ಅದಕ್ಕೆ ಸಲ್ಲದ ಗೌರವ ಸಿಕ್ಕಿರುತ್ತದೆ. ಆ ವಾರಗಳನ್ನು ಬಿಟ್ಟು ಇನ್ನೊಮ್ಮೆ ಎಣಿಸಿ, ಕ್ರಮ ಬದಲಾಗದಿದ್ದರೆ ಮಾತ್ರ ನಂಬಬಹುದು. ಹಾಗೆಯೇ ಪ್ರತಿ ಪೋಸ್ಟ್‌ನ ಅಂಕಿಗಳನ್ನು ಅದು ಹೊರಬಿದ್ದ ಏಳನೇ ದಿನವೇ ಬರೆದಿಡಬೇಕು. ಇಲ್ಲದಿದ್ದರೆ ಅಕ್ಟೋಬರ್‌ನ ರೀಲ್‌ಗೆ ಸಿಕ್ಕ ಮೂರು ತಿಂಗಳ ಅವಕಾಶ ಡಿಸೆಂಬರ್‌ನ ಕೊನೆಯದಕ್ಕೆ ಸಿಗುವುದಿಲ್ಲ.

ಇಷ್ಟಾದ ಮೇಲೆ ಈ ಪ್ರಕಾಶನಕ್ಕೆ ಹೊಂದುವ ಹೊಸ ಪಟ್ಟಿ ಎರಡು ರೀಲ್ಸ್, ಮೂರು ಕ್ಯಾರೊಸೆಲ್, ಎರಡು ಬರಹ. ವಾರದ ದುಡಿಮೆ 21 ಗಂಟೆ, ಇದ್ದ ಸಮಯದಲ್ಲೇ ಮುಗಿಯುತ್ತದೆ. ಒಂದೇ ರೀಲ್ ಕಡಿಮೆ ಮಾಡಿರುವುದು ಬೇಕೆಂದೇ. ಮಾರ್ಚ್‌ವರೆಗೆ ಹೊಸ ಫಾಲೋವರ್ಸ್ ಸಂಖ್ಯೆಯನ್ನು ವಾರವಾರ ಗುರುತಿಸಿಕೊಳ್ಳಬೇಕು. ಅದು ಒಂದೇ ಸಮನೆ ಕುಸಿದು, ಕೆಲವು ವಾರಗಳ ಬಳಿಕ ‘ಹೊಳೆ’ ಎನ್ನುವವರೂ ಕಡಿಮೆಯಾದರೆ, ತೆಗೆದ ರೀಲ್ ಅನ್ನು ಏಪ್ರಿಲ್‌ನಲ್ಲಿ ವಾಪಸ್ ಹಾಕಬೇಕಾಗುತ್ತದೆ.