ಸತ್ತವನ ಗಂಟಿನಲ್ಲಿ ಏನಿರಬೇಕು?

ಅಕ್ಕನ ಮಗ ಬೇಸಿಗೆ ರಜೆಗೆ ನಮ್ಮನೆಗೆ ಬಂದಿದ್ದಾಗ ‘ಹೇಡೀಸ್’ ಆಟದಲ್ಲಿ ಮೂವತ್ತಕ್ಕೂ ಹೆಚ್ಚು ಸಲ ಸತ್ತ. ಗ್ರೀಕ್ ಪುರಾಣದ ಪಾತಾಳದಿಂದ ಝಾಗ್ರಿಯಸ್ ಎಂಬ ರಾಜಕುಮಾರ ತಪ್ಪಿಸಿಕೊಂಡು ಹೋಗಬೇಕು. ದಾರಿಯಲ್ಲಿ ಸತ್ತರೆ ಅಪ್ಪನ ಅರಮನೆಯ ರಕ್ತದ ಕೊಳದಿಂದ ಎದ್ದು ಮತ್ತೆ ಮೊದಲಿನಿಂದ ಹೊರಡಬೇಕು. ಕೊನೆಗೊಂದು ರಾತ್ರಿ ಗೆದ್ದು ಮನೆಯೆಲ್ಲ ಕುಣಿದಾಡಿದ. ಮರುದಿನ ತಿಂಡಿಗೆ ಕೂತವನು ಮಾತ್ರ ಯೋಚನೆಯಲ್ಲಿದ್ದ. “ಮಾಮ, ನಾನು ಆಡೋದು ಕಲಿತು ಗೆದ್ದೆನಾ, ಇಲ್ಲ ಆ ಕನ್ನಡಿ ನನ್ನನ್ನ ಗೆಲ್ಲಿಸ್ತಾ?”

ಇಂಥ ಆಟ ಕಟ್ಟುವವರ ನಿದ್ದೆಗೆಡಿಸುವ ಪ್ರಶ್ನೆಯೂ ಇದೇ.

ಈ ಜಾತಿಯ ಆಟಗಳಿಗೆ ‘ರೋಗ್‌ಲೈಕ್’ ಎಂದು ಹೆಸರು. 1980ರ ಸುಮಾರಿಗೆ ಮೈಕಲ್ ಟಾಯ್, ಗ್ಲೆನ್ ವಿಚ್‌ಮನ್ ಎಂಬ ಇಬ್ಬರು ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳು ಮಾಡಿದ ‘ರೋಗ್’ ಎಂಬ ಆಟ ಇದರ ಮೂಲಪುರುಷ. ನೆಲಮಾಳಿಗೆಯ ನಕ್ಷೆ ಪ್ರತಿ ಸಲ ಹೊಸದು. ಸತ್ತರೆ ಗಳಿಸಿದ್ದೆಲ್ಲ ಹೋಯಿತು. ಉಳಿಯುತ್ತಿದ್ದದ್ದು ಆಡುವವನ ತಲೆಯಲ್ಲಿ ಸೇರಿದ ಬುದ್ಧಿಯೊಂದೇ. ಆದರೆ ಎರಡು ಗಂಟೆ ಆಡಿ ಸತ್ತು, ಕೈಯಲ್ಲಿ ಏನೂ ಇಲ್ಲದೆ ಏಳುವ ತಾಳ್ಮೆ ಎಲ್ಲರಿಗೂ ಇರುವುದಿಲ್ಲ. ಹಾಗಾಗಿ ಈಚಿನ ಆಟಗಳು ಸತ್ತವನ ಕೈಗೆ ಒಂದು ಗಂಟು ಕೊಟ್ಟು ಕಳಿಸುತ್ತವೆ. ಆ ಗಂಟಿನಲ್ಲಿ ಏನು ಕಟ್ಟಬೇಕು ಎನ್ನುವಲ್ಲೇ ತಕರಾರು.

ಹುಡುಗ ಹೇಳಿದ ಕನ್ನಡಿಯನ್ನೇ ನೋಡೋಣ. 2020ರಲ್ಲಿ ಪೂರ್ಣರೂಪದಲ್ಲಿ ಬಂದ ಈ ಆಟದಲ್ಲಿ ಝಾಗ್ರಿಯಸ್‌ನ ಕೋಣೆಯೊಳಗೆ ಒಂದು ಕನ್ನಡಿ ಇದೆ. ದಾರಿಯಲ್ಲಿ ಆಯ್ದುಕೊಂಡ ನೇರಳೆ ಬಣ್ಣದ ‘ಕತ್ತಲು’ ಸಾವಿನಲ್ಲಿ ಕಳೆದುಹೋಗುವುದಿಲ್ಲ. ಅದನ್ನು ತಂದು ಕನ್ನಡಿಗೆ ಸುರಿದರೆ ಶಾಶ್ವತವಾದ ಶಕ್ತಿಗಳು ಸಿಗುತ್ತವೆ. ಮೊದಲ ದಿನ ಅವನ ಪ್ರಾಣಬಲ 50. ಕನ್ನಡಿಯ ಒಂದು ವರ ಅದನ್ನು ಐದೈದರಂತೆ ಹತ್ತು ಸಲ ಏರಿಸಿ 100 ಮಾಡುತ್ತದೆ. ಇನ್ನೊಂದು ವರ, ಸಾಯುವ ಹೊತ್ತಿಗೆ ಅರ್ಧ ಪ್ರಾಣಬಲ ಕೊಟ್ಟು ಎಬ್ಬಿಸಿ ನಿಲ್ಲಿಸುತ್ತದೆ. ಅದೂ ಮೂರು ಸಲ. ಕೂಡಿ ನೋಡಿ: 100, ಅದರ ಮೇಲೆ ಮೂರು ಐವತ್ತು, ಒಟ್ಟು 250. ಅಂದರೆ ಮೊದಲ ದಿನದ ಆಟಗಾರನಿಗಿಂತ ಐದು ಪಟ್ಟು ಏಟು ತಿಂದರೂ ಬದುಕಿರಬಹುದು.

ಈಗ ವಿನ್ಯಾಸಕಾರನ ಜಾಗದಲ್ಲಿ ಕೂತು ಯೋಚಿಸಿ. ಮೊದಲ ಘಟ್ಟದ ಕಾವಲುಗಾರ್ತಿ ಮೆಗೇರಾಳ ಚಾಟಿಯ ಏಟನ್ನು ಯಾರ ಲೆಕ್ಕಕ್ಕೆ ಇಡುತ್ತೀರಿ? 50ರವನಿಗೆ ಸರಿಹೋಗುವಂತೆ ಇಟ್ಟರೆ 250ರವನಿಗೆ ಅವಳು ಸೊಳ್ಳೆ. 250ರವನ ಲೆಕ್ಕಕ್ಕೆ ಇಟ್ಟರೆ ಹೊಸಬನ ಮೊದಲ ಹತ್ತಿಪ್ಪತ್ತು ಆಟಗಳು ಆಟವೇ ಅಲ್ಲ, ಕತ್ತಲು ಹೊರುವ ಕೂಲಿ. ಅಂಕಿಗಳನ್ನು ಗಂಟು ಕಟ್ಟಿ ಕಳಿಸುವುದರ ತೊಂದರೆ ಇದು. ಆಟಗಾರ ಬೆಳೆದನೋ, ಅಂಕಿ ಬೆಳೆಯಿತೋ ಎಂಬುದು ಆಟಗಾರನಿಗೂ ತಿಳಿಯುವುದಿಲ್ಲ, ಆಟ ಮಾಡಿದವನಿಗೂ ತಿಳಿಯುವುದಿಲ್ಲ.

ಹೇಡೀಸ್ ಮಾಡಿದವರಿಗೆ ಇದು ಗೊತ್ತಿತ್ತು ಎಂದೇ ನನಗನ್ನಿಸುತ್ತದೆ. ಕನ್ನಡಿಯ ವರಗಳಿಗೆ ಮೇಲ್ಮಿತಿ ಇದೆ. ಜೊತೆಗೆ, ಮೊದಲ ಗೆಲುವಿನ ನಂತರ ‘ಶಿಕ್ಷೆಯ ಒಪ್ಪಂದ’ ಎಂಬ ಪತ್ರವೊಂದು ತೆರೆದುಕೊಳ್ಳುತ್ತದೆ; ಆಟಗಾರ ತಾನೇ ಒಪ್ಪಿ ಕಷ್ಟ ಏರಿಸಿಕೊಳ್ಳುತ್ತಾನೆ. ಅದರ ಒಂದು ಷರತ್ತು ಶತ್ರುಗಳ ಏಟನ್ನು ಶೇಕಡಾ 20ರಂತೆ ಐದು ಹಂತ ಹೆಚ್ಚಿಸುತ್ತದೆ, ಅಂದರೆ ಕೊನೆಗೆ ದುಪ್ಪಟ್ಟು. ದುಪ್ಪಟ್ಟು ಏಟಿಗೆ 250 ಎಂದರೆ 125ಕ್ಕೆ ಸಮ. ಮೊದಲ ದಿನದ 50ಕ್ಕೆ ಹೋಲಿಸಿದರೆ ಇನ್ನೂ ಎರಡೂವರೆ ಪಟ್ಟು ಮೇಲೆಯೇ! ಹಾಗಾಗಿ ಕನ್ನಡಿಯ ವರಗಳನ್ನೇ ಹಂತಹಂತವಾಗಿ ಕಿತ್ತುಕೊಳ್ಳುವ ಷರತ್ತೂ ಅಲ್ಲಿದೆ. ಕೊಟ್ಟ ಕೈಯಿಂದಲೇ ವಾಪಸು ಪಡೆಯುವ ಈ ಏರ್ಪಾಡು ಜಾಣತನದ್ದು ನಿಜ. ಆದರೆ ಅಷ್ಟು ದೂರ ಹೋಗದೆ ಆಟ ಬಿಡುವವರೇ ಹೆಚ್ಚಿರಬೇಕು. ಅವರ ಪಾಲಿಗೆ ಉಳಿಯುವುದು ಕನ್ನಡಿ ಮಾತ್ರ.

ಇದೇ ಆಟದಲ್ಲಿ ‘ಗಾಡ್ ಮೋಡ್’ ಎಂಬ ಗುಂಡಿಯಿದೆ. ಅದನ್ನು ಒತ್ತಿದರೆ ತಗಲುವ ಏಟು ಶೇಕಡಾ 20 ತಗ್ಗುತ್ತದೆ, ಪ್ರತಿ ಸಾವಿಗೂ ಇನ್ನೆರಡು ಶೇಕಡಾ ಸೇರುತ್ತ 80ರವರೆಗೆ ಹೋಗುತ್ತದೆ. ಕೆಲವರು ಇದನ್ನು ಹೀಗಳೆಯುತ್ತಾರೆ. ನನಗಂತೂ ಕನ್ನಡಿಗಿಂತ ಇದೇ ಪ್ರಾಮಾಣಿಕ ಅನ್ನಿಸುತ್ತದೆ. ಇದು ಸಹಾಯ ಎಂದು ಹೇಳಿಯೇ ಕೊಡುತ್ತದೆ, ಬೇಕಾದವರು ತೆಗೆದುಕೊಳ್ಳುತ್ತಾರೆ.

ಗಂಟಿನಲ್ಲಿ ಬೇರೇನು ಕಟ್ಟಬಹುದು ಎಂಬುದಕ್ಕೆ 2019ರ ‘ಸ್ಲೇ ದಿ ಸ್ಪೈರ್’ ಒಳ್ಳೆಯ ಉತ್ತರ. ಇದು ಇಸ್ಪೀಟಿನಂತೆ ಎಲೆಗಳನ್ನು ಕೂಡಿಹಾಕಿ ಕಾದಾಡುವ ಆಟ. ಇದರ ಮೊದಲ ಯೋಧ ಐರನ್‌ಕ್ಲ್ಯಾಡ್‌ನ ಪ್ರಾಣಬಲ ಮೊದಲ ಆಟದಲ್ಲಿ 80, ಸಾವಿರನೇ ಆಟದಲ್ಲೂ 80. ಸೋತರೂ ಗೆದ್ದರೂ ಗಳಿಸಿದ ಅಂಕಗಳಿಂದ ಒಂದು ಪಟ್ಟಿ ತುಂಬುತ್ತದೆ. ತುಂಬಿದಾಗ ಮೂರು ಹೊಸ ಎಲೆಗಳೋ ಪರಿಕರಗಳೋ ಮುಂದಿನ ಆಟಗಳಲ್ಲಿ ಎದುರಾಗುವ ಅವಕಾಶ ತೆರೆಯುತ್ತದೆ. ಅವು ಕೈಗೆ ಬರುವುದಿಲ್ಲ, ಬರಬಹುದು ಅಷ್ಟೇ. ಪ್ರತಿ ಪಾತ್ರಕ್ಕೂ ಇಂಥ ಐದೇ ಹಂತ, ಬೇಗ ಮುಗಿಯುತ್ತದೆ. ಅಲ್ಲಿಂದಾಚೆಗೆ ಗೆದ್ದವನಿಗೆ ಸಿಗುವ ಬಹುಮಾನ ಮತ್ತಷ್ಟು ಕಷ್ಟ. ಅಂಥ 20 ಮೆಟ್ಟಿಲುಗಳಿವೆ. 14ನೆಯದಕ್ಕೆ ಬರುವಷ್ಟರಲ್ಲಿ ಆ 80 ಇಳಿದು 75 ಆಗಿರುತ್ತದೆ.

ಇಲ್ಲಿ ಗಂಟಿನಲ್ಲಿರುವುದು ಬಲವಲ್ಲ, ಆಯ್ಕೆ. ಹೊಸ ಎಲೆಯನ್ನು ತೆಗೆದುಕೊಂಡರೆ ಒಳ್ಳೆಯದೋ ಕೆಟ್ಟದ್ದೋ ಎಂದು ತೀರ್ಮಾನಿಸುವ ಹೊಣೆ ಆಟಗಾರನದ್ದೇ. ಹೇಡೀಸ್‌ನಲ್ಲಿ ಬೀಗದ ಕೈ ಕೊಟ್ಟು ಬಿಡಿಸಿಕೊಳ್ಳುವ ಆಯುಧಗಳೂ ಇದೇ ಗುಣದವು. ಖಡ್ಗ ಬಿಟ್ಟು ಬಿಲ್ಲು ಹಿಡಿದರೆ ಕೆಲಸ ಹಗುರಾಗುವುದಿಲ್ಲ, ಬೇರೆಯಾಗುತ್ತದೆ.

ಹಾಗಂತ ಆಯ್ಕೆಗಳನ್ನು ರಾಶಿ ಹಾಕಿದರೆ ಸಾಕೆಂದಲ್ಲ. ಒಂದು ಆಟದ ಪೆಟ್ಟಿಗೆಗಳಲ್ಲಿ 12 ಆಯುಧಗಳಲ್ಲಿ ಒಂದು ಸಿಗುತ್ತದೆ, ಅವುಗಳಲ್ಲಿ ಮೂರು ಬಿಲ್ಲುಗಳು ಎಂದುಕೊಳ್ಳಿ. ಬಿಲ್ಲುಗಾರನಿಗೆ ನಾಲ್ಕು ಪೆಟ್ಟಿಗೆಗೆ ಒಂದರಲ್ಲಿ ಬೇಕಾದ್ದು ಸಿಗುತ್ತದೆ. ಅವನು ಕಷ್ಟಪಟ್ಟು ಇನ್ನೂ 12 ಆಯುಧ ಬಿಡಿಸಿದ, ಅದರಲ್ಲಿ ಬಿಲ್ಲು ಒಂದೇ. ಈಗ 24ರಲ್ಲಿ ನಾಲ್ಕು, ಆರು ಪೆಟ್ಟಿಗೆಗೆ ಒಂದು. ಬಹುಮಾನವೇ ದಂಡವಾಯಿತು. ಹೀಗಾದಾಗ ಅನುಭವಿಗಳು ಬೇಕೆಂದೇ ಬಿಡಿಸದೆ ಬಿಡುತ್ತಾರೆ. ಆಟಗಾರ ಬಹುಮಾನ ಕಂಡು ಹಿಂಜರಿದರೆ ಹಂಚಿಕೆ ಕೆಟ್ಟಿದೆ ಎಂದೇ ಅರ್ಥ. ಹೊಸದನ್ನು ಸೇರಿಸುವಾಗ ಒಂದೊಂದೇ ಬಿಡದೆ, ಬಗೆಬಗೆಯ ಪಾಲು ಕದಡದಂತೆ ಗುಂಪಾಗಿ ಬಿಡುವುದು ಇದಕ್ಕೆ ಮದ್ದು.

ಕೊನೆಗೆ ಗಂಟಿನ ತೂಕ ಸರಿಯಿದೆಯೇ ಎಂದು ಪರೀಕ್ಷಿಸಲು ಇಬ್ಬರು ಸಾಕು. ಪಳಗಿದವನಿಗೆ ಖಾಲಿ ಸೇವ್ ಕೊಡಿ, ಹೊಸಬನಿಗೆ ಎಲ್ಲವನ್ನೂ ಬಿಡಿಸಿಟ್ಟ ಸೇವ್ ಕೊಡಿ. ಖಾಲಿ ಕೈಯವನು ಕಷ್ಟಪಟ್ಟಾದರೂ ಗೆಲ್ಲಬೇಕು, ತುಂಬಿದ ಗಂಟಿನ ಹೊಸಬ ಸೋಲಬೇಕು. ಹೊಸಬ ಸರಾಗವಾಗಿ ಕೊನೆ ತಲುಪಿದರೆ ಅಂಕಿಗಳನ್ನು ಇಳಿಸಬೇಕು. ಪಳಗಿದವನು ಎಷ್ಟು ಯತ್ನಿಸಿದರೂ ಆಗದಿದ್ದರೆ ಗಂಟು ಇಲ್ಲದೆ ಆ ಆಟ ಆಡುವಂತೆಯೇ ಇಲ್ಲ.

ಅಕ್ಕನ ಮಗನಿಗೂ ಇದನ್ನೇ ಹೇಳಿದೆ. ಊರಿಗೆ ಹೊರಡುವ ಹಿಂದಿನ ದಿನ ಹೊಸ ಸೇವ್ ತೆರೆದು, ಕನ್ನಡಿ ಮುಟ್ಟದೆ ಆಡಿದ. ಗೆಲ್ಲಲಿಲ್ಲ. ಆದರೆ ಮೊದಲು ಆರು ಸಲ ತನ್ನನ್ನು ಕೊಂದಿದ್ದ ಮೆಗೇರಾಳನ್ನು ಈ ಸಲ ಎರಡನೇ ಯತ್ನಕ್ಕೇ ದಾಟಿದ, ಅದೂ 50ರ ಪ್ರಾಣಬಲದಲ್ಲಿ.