ಹಲೀಮ್ ಬೇಯಲು ಎಷ್ಟು ಹೊತ್ತು?

ರಂಜಾನ್ ತಿಂಗಳು ಬಂತೆಂದರೆ ಹೈದರಾಬಾದಿನ ಬೀದಿಗಳಲ್ಲಿ ಇಟ್ಟಿಗೆ ಕಟ್ಟಿ ಮಣ್ಣು ಮೆತ್ತಿದ ಭಟ್ಟಿಗಳು ಏಳುತ್ತವೆ. ಅವುಗಳ ಮೇಲಿನ ಹಂಡೆಗಳಲ್ಲಿ ಗೋಧಿ, ಮಾಂಸ, ಬೇಳೆ, ತುಪ್ಪ ಸಣ್ಣ ಉರಿಯಲ್ಲಿ ತಾಸುಗಟ್ಟಲೆ ಬೇಯುತ್ತವೆ. ಮರದ ದೊಣ್ಣೆಯಿಂದ ಕುಟ್ಟಿ ಕುಟ್ಟಿ, ಗೋಧಿ ಯಾವುದು ಮಾಂಸ ಯಾವುದು ಎಂದು ಗೊತ್ತಾಗದಂತೆ ಮಾಡಿದಾಗ ಹಲೀಮ್ ಆಯಿತು. 2010ರಲ್ಲಿ ಈ ತಿನಿಸಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿತು.

ಇದನ್ನೇ ಮನೆಯಲ್ಲಿ ಮಾಡುವ ವಿಧಾನವನ್ನು ಒಬ್ಬರು ಅಂತರ್ಜಾಲದಲ್ಲಿ ಬರೆದಿದ್ದಾರೆ ಎಂದುಕೊಳ್ಳಿ. ಗೋಧಿಯನ್ನು ಹಿಂದಿನ ರಾತ್ರಿ 8 ಗಂಟೆ ನೆನೆಹಾಕಬೇಕು, ಹೆಚ್ಚುವುದಕ್ಕೂ ಮಸಾಲೆ ಹಚ್ಚುವುದಕ್ಕೂ ಅರ್ಧ ಗಂಟೆ ಬೇಕು, ಈರುಳ್ಳಿ ಹುರಿಯುವುದರಿಂದ ಹಿಡಿದು ಕೊನೆಯ ಕುಟ್ಟುವಿಕೆಯವರೆಗೆ ಒಲೆಯ ಮೇಲೆ 6 ಗಂಟೆ. ಓದುವವರಿಗೆ ಇದರಲ್ಲಿ ಗೊಂದಲವೇನಿಲ್ಲ. ಹುಡುಕುಯಂತ್ರಕ್ಕೆ ಮಾತ್ರ ಪುಟದ ತುಂಬ ಅಂಕಿಗಳು: ಎಂಟು, ಅರ್ಧ, ಆರು, ನಡುವೆ ಎಲ್ಲೋ ‘ಎರಡು ಚಮಚ’, ಕೆಳಗೆ ಓದುಗರು ಕೊಟ್ಟ 4.4 ಅಂಕ. ಇವುಗಳಲ್ಲಿ ಅಡುಗೆಯ ಸಮಯ ಯಾವುದು?

ಇಂದು ಪಾಕವಿಧಾನ ಹುಡುಕಿದರೆ ಶೀರ್ಷಿಕೆಯ ಜೊತೆಗೇ ಚಿತ್ರ, ಸಮಯ, ನಕ್ಷತ್ರಗಳು ಬಂದು ನಿಲ್ಲುತ್ತವೆ. ಆ ಒಂದು ಸಾಲು ಅಲ್ಲಿಗೆ ಬರಲು ಕಾಲು ಶತಮಾನವೇ ಹಿಡಿಯಿತು. ಅದರ ಹಾದಿಯುದ್ದಕ್ಕೂ ಕಾಣುವ ಹೆಸರು ರಾಮನಾಥನ್ ವಿ. ಗುಹಾ ಅವರದು.

ಮದರಾಸಿನ ಐಐಟಿಯಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ ಗುಹಾ ಅಮೆರಿಕಕ್ಕೆ ಹೋಗಿ, 1987ರಲ್ಲಿ ಟೆಕ್ಸಾಸಿನ ಆಸ್ಟಿನ್ ನಗರದ ‘ಸೈಕ್’ ಯೋಜನೆಗೆ ಸೇರಿದರು. ಡಗ್ಲಸ್ ಲೆನಾಟ್ 1984ರಲ್ಲಿ ಆರಂಭಿಸಿದ್ದ ಆ ಯೋಜನೆಯ ಹಂಬಲ ದೊಡ್ಡದು. ಮನುಷ್ಯರು ಹೇಳದೆಯೇ ತಿಳಿದಿರುವ ಲೋಕಜ್ಞಾನವನ್ನೆಲ್ಲ ಒಂದೊಂದೇ ವಾಕ್ಯವಾಗಿ ಯಂತ್ರಕ್ಕೆ ತುಂಬಬೇಕು. ನೆನೆಹಾಕುವುದು ಬೇಯಿಸುವುದಲ್ಲ ಎಂಬಂಥ ಮಾತನ್ನೂ ಬಿಡದೆ ಬರೆದುಕೊಡಬೇಕು. ಹೀಗೆ ಕಲಿತ ಯಂತ್ರ ಮುಂದೊಂದು ದಿನ ತಾನೇ ಪುಟ ಓದಿ ಅರ್ಥಮಾಡಿಕೊಳ್ಳಲಿ ಎಂಬುದು ಆಸೆ. ವರ್ಷಗಟ್ಟಲೆ ತುಂಬಿದರೂ ಆ ದಿನ ಬರಲಿಲ್ಲ. 1994ರಲ್ಲಿ ಗುಹಾ ಅಲ್ಲಿಂದ ಹೊರಬಂದರು.

ಆಮೇಲೆ ಅವರು ಪ್ರಶ್ನೆಯನ್ನೇ ತಿರುಗಿಸಿಕೊಂಡರು. ಪುಟ ಬರೆದವರಿಗೆ ಅರ್ಥ ಗೊತ್ತೇ ಇದೆ. ಯಂತ್ರ ಊಹಿಸುವ ಬದಲು ಅವರೇ ಅದನ್ನು ಗುರುತು ಹಾಕಿ ಹೇಳಿದರೆ ಸಾಕಲ್ಲವೇ? ಆಪಲ್ ಕಂಪನಿಯಲ್ಲಿದ್ದಾಗ ಇದಕ್ಕಾಗಿ ಎಂಸಿಎಫ್ ಎಂಬ ವಿವರಣಾ ಪದ್ಧತಿ ಕಟ್ಟಿದರು. ನೆಟ್‌ಸ್ಕೇಪಿಗೆ ಬಂದ ಮೇಲೆ ಟಿಮ್ ಬ್ರೇ ಜೊತೆ ಅದನ್ನು ಬೆಳೆಸಿದರು. ಅದರ ಬೇರಿನಿಂದ ಹುಟ್ಟಿದ ಆರ್‌ಡಿಎಫ್ 1999ರಲ್ಲಿ ಜಾಲ ಒಕ್ಕೂಟದ ಅಧಿಕೃತ ಶಿಫಾರಸ್ಸಾಯಿತು.

ಭಾಷೆಯೇನೋ ಸಿದ್ಧವಾಯಿತು, ಆಡುವವರು ಸಿಗಲಿಲ್ಲ. ಹಲೀಮಿನ ಪುಟ ಬರೆದವರು ಸಂಜೆಯೆಲ್ಲ ಕೂತು ಈ ಗುರುತುಗಳನ್ನು ಸೇರಿಸಿದರೂ ಅದನ್ನು ಓದುವ ಯಂತ್ರ ಎಲ್ಲೂ ಇರಲಿಲ್ಲ. ಗುರುತು ಹಾಕಿದ ಪುಟಗಳೇ ಇಲ್ಲದಿದ್ದರಿಂದ ಅಂಥ ಯಂತ್ರ ಕಟ್ಟುವ ಗೋಜಿಗೆ ಯಾರೂ ಹೋಗಲಿಲ್ಲ. ಮುಂದಿನ ಹತ್ತು ವರ್ಷ ಕೆಲಸ ಸಿಕ್ಕಿಬಿದ್ದದ್ದು ಈ ಜಾಗದಲ್ಲಿ.

ಗಂಟು ಸಡಿಲವಾದದ್ದು ಹುಡುಕಾಟದ ಫಲಿತಾಂಶಗಳ ಪುಟದಲ್ಲಿ. 2008ರಲ್ಲಿ ಯಾಹೂ ‘ಸರ್ಚ್‌ಮಂಕಿ’ ಎಂಬ ವ್ಯವಸ್ಥೆ ತಂದಿತು. ಪುಟದಲ್ಲಿ ಗುರುತು ಹಾಕಿದ್ದರೆ ಫಲಿತಾಂಶದಲ್ಲಿ ಹೆಚ್ಚಿನ ವಿವರ ತೋರಿಸುವುದಾಗಿ ಅದು ಹೇಳಿತು. ಅಷ್ಟರಲ್ಲಿ ಗೂಗಲ್ ಸೇರಿದ್ದ ಗುಹಾ ಮತ್ತು ಸಂಗಡಿಗರು 2009ರ ಮೇ ತಿಂಗಳಲ್ಲಿ ‘ರಿಚ್ ಸ್ನಿಪೆಟ್’ಗಳನ್ನು ಹೊರತಂದರು. ಮೊದಲು ವಿಮರ್ಶೆ ಮತ್ತು ವ್ಯಕ್ತಿಗಳ ಪುಟಗಳಿಗೆ ಇದ್ದ ಸೌಲಭ್ಯ 2010ರ ಏಪ್ರಿಲ್‌ನಲ್ಲಿ ಪಾಕವಿಧಾನಗಳಿಗೂ ಬಂತು. ಗುರುತು ಹಾಕಿದವರ ಪುಟ ಚಿತ್ರ, ನಕ್ಷತ್ರ, ಸಮಯಗಳೊಡನೆ ಎದ್ದು ಕಾಣತೊಡಗಿತು. ಹಾಕದವರದು ಬರಿಯ ನೀಲಿ ಸಾಲಾಗಿ ಉಳಿಯಿತು. ಮಾಡಿದ ಕೆಲಸಕ್ಕೆ ಕೂಲಿ ಕಣ್ಣೆದುರೇ ಸಿಗುವಂತಾದ ಮೇಲೆ ಜನ ತಾವಾಗಿಯೇ ಬರೆಯಲು ಕೂತರು.

ಆದರೆ ಬರೆಯುವುದು ಯಾವ ಬಗೆಯಲ್ಲಿ? ಮೈಕ್ರೋಫಾರ್ಮ್ಯಾಟ್ ಬಳಗದವರ ‘ಎಚ್‌ರೆಸಿಪಿ’ ಇತ್ತು, ಆರ್‌ಡಿಎಫ್‌ಎ ಇತ್ತು, ಹೊಸದಾಗಿ ಬಂದ ಮೈಕ್ರೋಡೇಟಾ ಇತ್ತು. ಎಚ್‌ರೆಸಿಪಿಯ ಕರಡಿನಲ್ಲಿ ಸಮಯಕ್ಕೆ ‘ಅವಧಿ’ ಎಂಬ ಒಂದೇ ಖಾನೆ. ಹಲೀಮಿನಂಥ ಅಡುಗೆಗೆ ಅದು ಸಾಲುವುದಿಲ್ಲ: ಆರು ಗಂಟೆ ಎಂದರೆ ನೆನೆಹಾಕಿದ್ದು ಬಿಟ್ಟುಹೋಗುತ್ತದೆ, ಹದಿನಾಲ್ಕೂವರೆ ಎಂದರೆ ಅಷ್ಟೂ ಹೊತ್ತು ಒಲೆಯ ಮುಂದೆ ನಿಲ್ಲಬೇಕೇನೋ ಎಂದು ಓದುಗ ಹೆದರುತ್ತಾನೆ.

2011ರ ಫೆಬ್ರವರಿಯಲ್ಲಿ ಗೂಗಲ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬೇಕಾದ ಸಾಮಗ್ರಿ, ಸಮಯ, ಕ್ಯಾಲೊರಿಗಳ ಪ್ರಕಾರ ಪಾಕವಿಧಾನಗಳನ್ನು ಸೋಸುವ ‘ರೆಸಿಪಿ ವ್ಯೂ’ ತೆರೆಯಿತು. ಅಡುಗೆ ಲೇಖಕಿ, ಫುಡ್52 ತಾಣದ ಸಹಸ್ಥಾಪಕಿ ಅಮಾಂಡಾ ಹೆಸ್ಸರ್ ಇದನ್ನು ಕಟುವಾಗಿ ಟೀಕಿಸಿದರು. ಬೇಗ ಆಗುವ, ಕಡಿಮೆ ಕ್ಯಾಲೊರಿಯ ಅಡುಗೆಗಳಿಗೆ ಮತ್ತು ಗುರುತು ಹಾಕಿಸಲು ಶಕ್ತಿಯಿರುವ ದೊಡ್ಡ ತಾಣಗಳಿಗೆ ಇದರಿಂದ ಮೇಲುಗೈ ಸಿಗುತ್ತದೆ ಎಂಬುದು ಅವರ ದೂರು. ಗಂಟೆಗಟ್ಟಲೆ ಬೇಯುವ ಅಡುಗೆಯವರ ಪಾಲಿಗೆ ಅದು ಸುಳ್ಳು ದೂರೇನಲ್ಲ.

ಅದೇ ವರ್ಷ ಮಾರ್ಚ್ 28ರಿಂದ ಏಪ್ರಿಲ್ 1ರವರೆಗೆ ಇಪ್ಪತ್ತನೆಯ ಅಂತರರಾಷ್ಟ್ರೀಯ ವರ್ಲ್ಡ್ ವೈಡ್ ವೆಬ್ ಸಮ್ಮೇಳನ ನಡೆದದ್ದು ಹಲೀಮಿನ ಊರಾದ ಹೈದರಾಬಾದಿನಲ್ಲೇ. ಭಾರತಕ್ಕೆ ಈ ಸಮ್ಮೇಳನ ಬಂದದ್ದು ಅದೇ ಮೊದಲು. ಹೊಣೆ ಹೊತ್ತಿದ್ದು ಬೆಂಗಳೂರಿನ ಐಐಐಟಿ. ಜಾಲದ ಜನಕ ಟಿಮ್ ಬರ್ನರ್ಸ್-ಲೀ ಬಂದಿದ್ದರು. ಜಾಲದ ಪುಟಗಳಲ್ಲಿನ ಮಾಹಿತಿಯನ್ನು ಯಂತ್ರಕ್ಕೆ ತಿಳಿಯುವಂತೆ ಜೋಡಿಸುವ ಬಗ್ಗೆಯೇ ಒಂದು ಇಡೀ ಕಾರ್ಯಾಗಾರ ಅಲ್ಲಿತ್ತು. ವಿದ್ವಾಂಸರ ಲೋಕದಲ್ಲಿ ವಿಷಯ ಹಣ್ಣಾಗಿದ್ದರೂ ಪುಟ ಬರೆಯುವವರ ಕೈಯಲ್ಲಿ ಇನ್ನೂ ಮೂರು ಬಗೆಯ ಬರವಣಿಗೆಗಳೇ ಇದ್ದವು.

ಸಮ್ಮೇಳನ ಮುಗಿದು ಎರಡು ತಿಂಗಳಿಗೆ, ಜೂನ್ 2ರಂದು, ಪೈಪೋಟಿಯಲ್ಲಿದ್ದ ಗೂಗಲ್, ಬಿಂಗ್, ಯಾಹೂ ಒಂದಾಗಿ ಸ್ಕೀಮಾ.ಆರ್ಗ್ ಪ್ರಕಟಿಸಿದವು. ನವೆಂಬರ್‌ನಲ್ಲಿ ರಷ್ಯಾದ ಯಾಂಡೆಕ್ಸ್ ಸೇರಿತು. ಯಾವ ಹುಡುಕುಯಂತ್ರಕ್ಕಾದರೂ ಒಂದೇ ಪದಪಟ್ಟಿ ಸಾಕು ಎಂಬುದು ಒಪ್ಪಂದ. ಅದರಲ್ಲಿ ಪಾಕವಿಧಾನಕ್ಕೆ `Recipe` ಎಂಬ ವರ್ಗ, ಸಮಯಕ್ಕೆ ಮೂರು ಬೇರೆ ಬೇರೆ ಖಾನೆ: `prepTime`, `cookTime`, `totalTime`. ಮೊದಲು ಮೈಕ್ರೋಡೇಟಾವನ್ನಷ್ಟೇ ಆರಿಸಿಕೊಂಡಿದ್ದಕ್ಕೆ ಆರ್‌ಡಿಎಫ್‌ಎ ಪಕ್ಷದವರು ಸಿಟ್ಟಾದರು. 2014ರ ಜನವರಿಯಲ್ಲಿ ಶಿಫಾರಸ್ಸಾದ ಜೆಸನ್-ಎಲ್‌ಡಿ ಬಳಕೆಗೆ ಬಂದಮೇಲೆ ಆ ಜಗಳ ಹಿಂದೆ ಸರಿಯಿತು. ಕಣ್ಣಿಗೆ ಕಾಣುವ ಬರಹದ ನಡುವೆ ಗುರುತು ತುರುಕುವ ಬದಲು ಎಲ್ಲವನ್ನೂ ಪುಟದ ಒಂದು ಮೂಲೆಯಲ್ಲಿ ಒಟ್ಟಿಗೆ ಬರೆದಿಡುವ ಕ್ರಮ ಅದು. ನಮ್ಮ ಹಲೀಮನ್ನು ಹೀಗೆ ಬರೆಯಬಹುದು:

```json
{
  "@context": "https://schema.org",
  "@type": "Recipe",
  "name": "ಹೈದರಾಬಾದಿ ಹಲೀಮ್",
  "image": "https://example.com/haleem.jpg",
  "prepTime": "PT30M",
  "cookTime": "PT6H",
  "totalTime": "PT14H30M",
  "aggregateRating": {
    "@type": "AggregateRating",
    "ratingValue": "4.4",
    "ratingCount": "37"
  }
}
```

ಹೆಸರು ಮತ್ತು ಚಿತ್ರ ಇಲ್ಲದಿದ್ದರೆ ಗೂಗಲ್ ಈ ತುಣುಕನ್ನು ಪಾಕವಿಧಾನದ ವಿಶೇಷ ಫಲಿತಾಂಶಕ್ಕೆ ಪರಿಗಣಿಸುವುದಿಲ್ಲ. ಸಮಯ, ಅಂಕಗಳು ಇದ್ದರೆ ಒಳ್ಳೆಯದು ಎಂಬ ಗುಂಪಿನವು. ನೆನೆಹಾಕುವ 8 ಗಂಟೆಗೆ ಪ್ರತ್ಯೇಕ ಖಾನೆಯಿಲ್ಲ. ಅದಕ್ಕೇ ಒಟ್ಟು ಸಮಯ ಮೊದಲೆರಡರ ಮೊತ್ತಕ್ಕಿಂತ ದೊಡ್ಡದಾಗಿದೆ. `totalTime` ಬರೆಯದೆ ಬಿಟ್ಟರೆ ಹಲೀಮ್ ಆರೂವರೆ ಗಂಟೆಯ ಅಡುಗೆ ಎಂದಾಗುತ್ತದೆ. ಅದನ್ನು ನಂಬಿ ಬೆಳಗ್ಗೆ ಶುರು ಮಾಡಿದವರು ಸಂಜೆಯ ಇಫ್ತಾರಿಗೆ ಬಡಿಸಲಾರರು.

ಸಮಯದ ಬರವಣಿಗೆ ಐಎಸ್‌ಒ 8601 ಎಂಬ ಮಾನದಂಡದ್ದು. `P` ಅವಧಿಯ ಆರಂಭ ಸೂಚಿಸುತ್ತದೆ. `T` ಬಂದ ಮೇಲಿನದೆಲ್ಲ ಗಂಟೆ, ನಿಮಿಷ, ಸೆಕೆಂಡುಗಳ ಲೆಕ್ಕ. ಎಡವುವುದು `M` ಅಕ್ಷರದಲ್ಲಿ. `T` ನಂತರ ಬಂದರೆ ಅದು ನಿಮಿಷ, ಅದಕ್ಕೂ ಮುಂಚೆ ಬಂದರೆ ತಿಂಗಳು. `PT30M` ಎಂದರೆ ಅರ್ಧ ಗಂಟೆ, `P30M` ಎಂದರೆ ಎರಡೂವರೆ ವರ್ಷ. ಎರಡೂ ಮಾನದಂಡದ ಪ್ರಕಾರ ಸರಿಯಾದ ಬರಹಗಳೇ. ಹಾಗಾಗಿ ಗೂಗಲ್‌ನ ರಿಚ್ ರಿಸಲ್ಟ್ಸ್ ಟೆಸ್ಟ್‌ನಲ್ಲಿ ಪುಟವನ್ನು ಪರೀಕ್ಷಿಸಿದಾಗ ಹಸಿರು ಗುರುತು ಕಂಡರೆ ಸಾಲದು. ಒಳಗಿನ ಮೌಲ್ಯಗಳನ್ನು ತೆರೆದು ಒಂದೊಂದಾಗಿ ಓದಿ ನೋಡಬೇಕು. ಪರೀಕ್ಷೆ ದಾಟಿದರೂ ಫಲಿತಾಂಶದಲ್ಲಿ ತೋರಿಸಿಯೇ ತೋರಿಸುತ್ತೇವೆ ಎಂದು ಹುಡುಕುಯಂತ್ರ ಮಾತು ಕೊಡುವುದಿಲ್ಲ.

ನಕ್ಷತ್ರಗಳ ಕತೆಯಲ್ಲಿ ಲೋಭವೂ ಸೇರಿಕೊಂಡಿತು. ಗುರುತಿಗೆ ಕೂಲಿ ಇದೆಯೆಂದಾದಾಗ ಸುಳ್ಳು ಗುರುತಿಗೂ ಇರುತ್ತದಲ್ಲ. ಹಾಗಾಗಿ ಅಂಕಗಳು ನಿಜವಾದ ಬಳಕೆದಾರರಿಂದ ಬಂದಿರಬೇಕು, ಗುರುತಿನಲ್ಲಿ ಬರೆದದ್ದು ಪುಟದಲ್ಲೂ ಕಾಣಬೇಕು ಎಂಬ ನಿಯಮಗಳು ಬಂದವು. ಮುರಿದವರ ಪುಟಕ್ಕೆ ವಿಶೇಷ ಫಲಿತಾಂಶವನ್ನೇ ನಿಲ್ಲಿಸುವ ಶಿಕ್ಷೆ ಇದೆ. 2019ರ ಸೆಪ್ಟೆಂಬರ್‌ನಲ್ಲಿ ಗೂಗಲ್ ಇನ್ನೂ ಬಿಗಿ ಮಾಡಿತು: ಅಂಗಡಿ, ಹೋಟೆಲು, ಸಂಸ್ಥೆಗಳು ತಮ್ಮ ಬಗ್ಗೆ ತಮ್ಮ ಪುಟದಲ್ಲೇ ಹಾಕಿಕೊಂಡ ವಿಮರ್ಶೆಗೆ ನಕ್ಷತ್ರವಿಲ್ಲ. ಪಾಕವಿಧಾನಗಳಿಗೆ ಈ ತಡೆ ಬರಲಿಲ್ಲ. ಹೀಗಾಗಿ ಹೈದರಾಬಾದಿನ ಒಂದು ಹಲೀಮ್ ಹೋಟೆಲು ತನ್ನ ಪುಟದಲ್ಲಿ ತನಗೇ ಹಾಕಿಕೊಂಡ ನಕ್ಷತ್ರಗಳು ಫಲಿತಾಂಶದಲ್ಲಿ ಕಾಣುವುದಿಲ್ಲ, ಅದೇ ಹೋಟೆಲು ಹಲೀಮ್ ಮಾಡುವ ಬಗೆ ಬರೆದು ಓದುಗರಿಂದ ಅಂಕ ಪಡೆದರೆ ಕಾಣಬಹುದು.

ಅಂಕದ ಸುಳ್ಳನ್ನು ಹೀಗೆ ಕಟ್ಟಿಹಾಕಬಹುದು. ಸಮಯದ ಸುಳ್ಳನ್ನು ಹಿಡಿಯುವವರು ಯಾರು? 2012ರಲ್ಲಿ ಟಾಮ್ ಸ್ಕೋಕಾ ಎಂಬ ಪತ್ರಕರ್ತ ಸ್ಲೇಟ್ ಪತ್ರಿಕೆಯಲ್ಲಿ ಒಂದು ಲೇಖನ ಬರೆದ. ಈರುಳ್ಳಿ ಕಂದುಬಣ್ಣಕ್ಕೆ ಬರಲು ಐದು ಹತ್ತು ನಿಮಿಷ ಸಾಕೆಂದು ಅಡುಗೆ ಬರಹಗಾರರು ಬರೆಯುವುದು ಹಸಿಸುಳ್ಳು, ಸಾಮಾನ್ಯವಾಗಿ ಮುಕ್ಕಾಲು ಗಂಟೆ ಬೇಕು ಎಂದು ಅವನು ಒಲೆಯ ಮುಂದೆ ನಿಂತು ನೋಡಿ ಹೇಳಿದ. 2017ರಲ್ಲಿ ಅವನೇ ಗೂಗಲ್‌ನಲ್ಲಿ ಇದನ್ನು ಕೇಳಿ ನೋಡಿದಾಗ, ಯಂತ್ರ ಅವನದೇ ಲೇಖನದಿಂದ ಅವನು ಖಂಡಿಸಲೆಂದು ಎತ್ತಿಕೊಂಡಿದ್ದ ಆ ಐದು ನಿಮಿಷದ ಸಾಲನ್ನೇ ಹೆಕ್ಕಿ ಉತ್ತರವಾಗಿ ಕೊಟ್ಟಿತ್ತು. ಬಿಡಿ ಬರಹವನ್ನು ಯಂತ್ರ ತಾನೇ ಓದಿ ಊಹಿಸಿದರೆ ಆಗುವುದು ಇದು. ಸೈಕ್ ಬಿಟ್ಟುಬಂದ ಗುಹಾ ದಾಟಲು ನೋಡಿದ್ದೂ ಇದನ್ನೇ.

ಗುರುತು ಹಾಕುವ ಪದ್ಧತಿ ಊಹೆಯನ್ನು ತಪ್ಪಿಸಿತು, ನಿಜವೋ ಅಲ್ಲವೋ ಎಂಬುದನ್ನು ಬರೆದವರ ಮೇಲೆ ಬಿಟ್ಟಿತು. ಗುಹಾ, ಡ್ಯಾನ್ ಬ್ರಿಕ್ಲಿ, ಸ್ಟೀವ್ ಮ್ಯಾಕ್‌ಬೆತ್ 2015ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಪರೀಕ್ಷಿಸಿದ 1,000 ಕೋಟಿ ಪುಟಗಳಲ್ಲಿ ಶೇ. 31.3ರಲ್ಲಿ ಸ್ಕೀಮಾ.ಆರ್ಗ್ ಗುರುತುಗಳಿದ್ದವು. ಅಷ್ಟು ಜನ ಬರೆಯುವಂತಾದದ್ದು ಫಲಿತಾಂಶದ ಸಾಲಿನಲ್ಲಿ ಎದ್ದು ಕಾಣುವ ಆಸೆಯಿಂದ. `cookTime` ಖಾನೆಯಲ್ಲಿ ಆರು ಗಂಟೆಯ ಬದಲು ಒಂದು ಗಂಟೆ ಬರೆಯಲು ಕೈ ತುಡಿಯುವುದೂ ಅದೇ ಆಸೆಯಿಂದ. ಆ ಒಂದು ಗಂಟೆ ನಿಜವೇ ಎಂದು ಹೇಳಬಲ್ಲವರು ಗೋಧಿ ನೆನೆಹಾಕಿ ಒಲೆ ಹಚ್ಚಿದ ಓದುಗರು ಮಾತ್ರ, ಹೇಳಲು ಅವರಿಗಿರುವ ಜಾಗ ಕೆಳಗಿನ ನಕ್ಷತ್ರಗಳು.